ಸಾಲೊಮಿ ಚೇಚಿಯ ಇನ್ನೂರೈವತ್ತು ಪೌಂಡು

ಸಾಲೊಮಿ ಚೇಚಿ, ಅಂದರೆ ನಮ್ಮೆಲ್ಲರ ಸಾಲೊಮಿ ಅಕ್ಕ, ಕೇರಳದ ಪಾಲಾ ಊರಿನ ನಮ್ಮ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ನರ್ಸ್. ಮೂವರು ತಂಗಿಯರ ಮದುವೆ ಮಾಡಿದಳು, ತನ್ನದನ್ನು ಮರೆತಳು. ಅಲ್ಲೇ ನರ್ಸಾಗಿ ಸೇರಿದ ನನಗೆ ಸೂಜಿ ಚುಚ್ಚಲು ಕಲಿಸಿದವಳೂ ಅವಳೇ. ಊರವರೆಲ್ಲ ಅವಳನ್ನು ದೇವತೆ ಅನ್ನುತ್ತಿದ್ದರು. ನನಗೆ ಅದು ಕೇಳಿ ಕೇಳಿ ಸಾಕಾಗಿತ್ತು.

ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಒಂದೇ ಕೆಲಸ ಖಾಲಿ ಇತ್ತು. ಈ ಸಲದ ಇಂಗ್ಲಿಷ್ ಪರೀಕ್ಷೆಯಲ್ಲಿ ನಮ್ಮಿಬ್ಬರಲ್ಲಿ ಹೆಚ್ಚು ಅಂಕ ಪಡೆದವರಿಗೆ ಅದು ಎಂದು ಏಜೆಂಟ್ ಹೇಳಿದ್ದ. ನಲವತ್ತೈದು ತುಂಬಿದವರನ್ನು ಅವರು ತೆಗೆದುಕೊಳ್ಳುವುದಿಲ್ಲ. ಚೇಚಿಗೆ ಮುಂದಿನ ತಿಂಗಳೇ ನಲವತ್ತೈದು ತುಂಬುತ್ತಿತ್ತು.

ಪರೀಕ್ಷೆಯ ಶುಲ್ಕ ಇನ್ನೂರೈವತ್ತು ಪೌಂಡು. ನಾನು ಸೋಮವಾರವೇ ಕಟ್ಟಿದ್ದೆ. ಚೇಚಿ ಕೊನೆಯ ದಿನ ಕಂಪ್ಯೂಟರ್ ಅಂಗಡಿಯ ವರ್ಕಿಚ್ಚನ ಮುಂದೆ ಕೂತಳು. ಜೊತೆಗೆ ನನ್ನನ್ನೂ ಕರೆದೊಯ್ದಿದ್ದಳು.

ವರ್ಕಿಚ್ಚ ಫೋನಿನಲ್ಲಿ ದರ ನೋಡಿದ. "ಪೌಂಡಿಗೆ ನೂರೆಂಟು. ಇಪ್ಪತ್ತೇಳು ಸಾವಿರ. ಖಾತೇಲಿ ಎಷ್ಟಿದೆ?"

"ಇಪ್ಪತ್ತೇಳು ಸಾವಿರದ ಮುನ್ನೂರು."

"ಹಂಗಾದ್ರೆ ಮುನ್ನೂರು ಉಳೀತು, ಪಾರ್ಟಿ ಕೊಡಿಸು!"

ಚೇಚಿ ನನ್ನತ್ತ ತಿರುಗಿದಳು; ಅವಳಿಗೆ ನಾನು ಯಾವಾಗಲೂ ಮೋಳೆ, ಮಗಳು. "ಸಾಕಾಗತ್ತಾ ಮೋಳೆ?"

"ಲೆಕ್ಕ ಸರಿಯಾಗೇ ಇದೆಯಲ್ಲ ಚೇಚಿ," ಅಂದೆ.

ವರ್ಕಿಚ್ಚ ಚೇಚಿಯ ಬ್ಯಾಂಕ್ ಕಾರ್ಡಿನ ನಂಬರ್ ಹಾಕಿ ಬಟನ್ ಒತ್ತಿದ. ಖಾತೆಯಲ್ಲಿ ಹಣ ಸಾಲದು ಎಂದು ಬ್ಯಾಂಕಿನ ಸಂದೇಶ ಬಂತು. ಇನ್ನೊಮ್ಮೆ ಒತ್ತಿದ, ಅದೇ ಉತ್ತರ. ಐದೂವರೆಯ ಗಡುವಿಗೆ ಏಳು ನಿಮಿಷ ಬಾಕಿ.

"ಬ್ಯಾಂಕಿನೋರು ಕಳ್ಳರು, ನನ್ನ ದರ ಸರಿಯಿದೆ," ಎಂದು ವರ್ಕಿಚ್ಚ ಕೂಗಾಡಿದ.

ನನ್ನ ನಾಲಿಗೆ ಸುಮ್ಮನಿರಲಿಲ್ಲ. "ನೀನು ನೋಡಿದ್ದು ಬರೀ ಪೌಂಡಿನ ದರ ಕಣೋ, ಬ್ಯಾಂಕಿನ ಕಡಿತ ಅದರಲ್ಲಿಲ್ಲ. ಹೊರದೇಶದ ಖರೀದಿಗೆ ಈ ಕಾರ್ಡು ಮೂರೂವರೆ ಪರ್ಸೆಂಟ್ ಮೇಲೆ ಹಾಕತ್ತೆ, ಒಂಬೈನೂರ ನಲವತ್ತೈದು. ಅದರ ಮೇಲೆ ಹದಿನೆಂಟು ಪರ್ಸೆಂಟ್ ತೆರಿಗೆ, ನೂರ ಎಪ್ಪತ್ತು. ಒಟ್ಟು ಇಪ್ಪತ್ತೆಂಟು ಸಾವಿರದ ನೂರ ಹದಿನೈದು. ಎಂಟುನೂರ ಹದಿನೈದು ಕಡಿಮೆ ಬಿತ್ತು."

ಚೇಚಿ ಅಂಗೈ ಚಾಚಿದಳು. "ಕೊಡು ಮೋಳೆ, ವರ್ಕಿಚ್ಚ ಫೋನಲ್ಲಿ ನನ್ನ ಖಾತೆಗೆ ಹಾಕ್ತಾನೆ. ನಾಳೆ ಸಂಬಳ ಬರತ್ತೆ."

ನನ್ನ ಪರ್ಸಿನಲ್ಲಿ ಮೂರು ಸಾವಿರ ಇತ್ತು. "ನನ್ನ ಹತ್ರ ಇಲ್ಲ," ಅಂದೆ.

"ಸಾಲ ಕೊಟ್ರೆ ನಾನು ಅಂಗಡಿ ಮುಚ್ಚಬೇಕಾಗತ್ತೆ," ಅಂದ ವರ್ಕಿಚ್ಚ. ಪ್ರಯತ್ನಕ್ಕೆ ಐವತ್ತು ರೂಪಾಯಿಯನ್ನೂ ಕೇಳಿದ.

ಅವಳು ಫೋನಿನಲ್ಲಿ ತಂಗಿಯರಿಗೆ ಒಬ್ಬೊಬ್ಬರಿಗೂ ಕರೆ ಮಾಡಿದಳು. ಮೂವರೂ ಎತ್ತಲಿಲ್ಲ. ಐದೂವರೆಗೆ ಶುಲ್ಕ ಕಟ್ಟುವ ಪುಟ ತಾನೇ ಮುಚ್ಚಿಕೊಂಡಿತು.

ಚೇಚಿ ಐವತ್ತರ ನೋಟನ್ನು ಮೇಜಿನ ಮೇಲಿಟ್ಟು, ನನ್ನ ಕಡೆ ತಿರುಗಿದಳು. ರೋಗಿಯ ನಾಡಿ ಹಿಡಿದಾಗ ನೋಡುವ ಹಾಗೆಯೇ ನೋಡಿದಳು.

"ಸೋಮವಾರ ನೀನು ಕಟ್ಟಿದಾಗ್ಲೂ ಇಷ್ಟೇ ಹೆಚ್ಚಿಗೆ ಕಡಿತ ಆಗಿತ್ತಲ್ವಾ ಮೋಳೆ?"

"ಹೂಂ ಚೇಚಿ," ಅಂದೆ.