ಸೈಫುದ್ದೀನರ ಎರಡು ರಕಾತ್

ನನ್ನ ಗಂಡ ಸೈಫುದ್ದೀನ ಜಲನಗರದಲ್ಲಿ ಆಟೋ ಓಡಿಸುತ್ತಾರೆ. ಒಳ್ಳೆಯ ಮನುಷ್ಯ, ಆದರೆ ಯಾವುದನ್ನೂ ಅಳತೆಯಲ್ಲಿ ಮಾಡಿದವರಲ್ಲ. ಉಪ್ಪಿಟ್ಟು ಮಾಡಲು ನಿಂತರೆ ಓಣಿಗೆಲ್ಲ ಸಾಕಾಗಬೇಕು.

ಈ ಸಲ ರಂಜಾನಿಗೆ ನಾಲ್ಕೈದು ತಿಂಗಳು ಮುಂಚೆ ಮಾವನವರು ತೀರಿಕೊಂಡರು. ರಂಜಾನಿನಲ್ಲಿ ಹೇಗೂ ಉಪವಾಸಕ್ಕೆ ಮುಂಚಿನ ಸೆಹರಿ ಊಟಕ್ಕೆ ಏಳುತ್ತಿದ್ದೆವು, ಆಗ ಇವರು ಕಡ್ಡಾಯವಲ್ಲದ, ರಾತ್ರಿ ಎದ್ದು ಮಾಡುವ ತಹಜ್ಜುದ್ ನಮಾಜು ಮಾಡಿ ಅಪ್ಪನಿಗಾಗಿ ದುವಾ ಕೇಳುತ್ತಿದ್ದರು. ಹಬ್ಬ ಮುಗಿದ ಮೇಲೂ ಬಿಡಬಾರದೆಂದು ಹಟ ಹಿಡಿದರು. ನಡುರಾತ್ರಿಗೇ ಮೂರು ಅಲಾರಾಂ, ಮನೆಯೆಲ್ಲ ದೀಪ, ನಿಂತು ಬಾಗಿ ಸಾಷ್ಟಾಂಗ ಮಾಡುವ ಸುತ್ತು ಎಂಟು, ಅಂದರೆ ಎಂಟು ರಕಾತ್. ಆಮೇಲೆ "ಐದು ನಿಮಿಷ" ಎಂದು ಮಲಗುವುದು. ಎದ್ದಾಗ ಬಿಸಿಲು! ನಸುಕಿನ ಕಡ್ಡಾಯ ನಮಾಜು ಫಜರ್ ತಪ್ಪಿಹೋಯಿತು. ವಾರದಲ್ಲಿ ಎರಡನೇ ಸಲ ಹೀಗಾದಾಗ, ತಪ್ಪಿದ್ದಕ್ಕೆ ಬದಲಾಗಿ ಮಾಡುವ ಖಜಾ ನಮಾಜು ಮುಗಿಸಿ ಅಳುಮೋರೆಯಲ್ಲಿ ಕೂತರು.

"ಕಡ್ಡಾಯದ್ದ ಬಿಟ್ಟು ಖುಷಿಲೆ ಮಾಡೂದ ಮಾಡಾಕತ್ತೀರಿ. ಚಲೋ ಆತ್ ಬಿಡ್ರಿ!" ಎಂದು ನಾನು ರೇಗಿದೆ.

"ನನ್ನ ಕೈಲೆ ಆಗೂದಿಲ್ಲ ಸಮ್ರೀನ, ಬಿಡತೀನಿ" ಎಂದರು. ನನ್ನ ಸಿಟ್ಟು ಅಲ್ಲೇ ಇಳಿಯಿತು, ಪಾಪ ಅನ್ನಿಸಿತು.

ಹೊನವಾಡದಿಂದ ಅತ್ತೆ ಪೀರಾಂಬಿ ಬಸ್ಸಿಗೆ ಬಂದಿದ್ದರು. ಮಗನ ಕಥೆ ಕೇಳಿ ಬೈದರು.

"ಹಾಸಿಗಿ ಇದ್ದಷ್ಟ ಕಾಲು ಚಾಚಬೇಕಪ್ಪಾ. ಎರಡ ರಕಾತ್ ಸಾಕು, ಕುರಾನಿಂದ ಸಣ್ಣ ಸೂರಾ ಓದು. ದಿನಾ ಮಾಡೂ ಸ್ವಲ್ಪನ ಅಲ್ಲಾಹಗ ಪ್ರೀತಿ. ಫಜರ್‌ಗಿಂತ ಸ್ವಲ್ಪ ಮೊದಲ ಏಳು, ಮತ್ತ ಮಲಗಬ್ಯಾಡ."

"ರಾತ್ರಿ ಕೊನೀ ನಮಾಜು, ವಿತ್ರ್, ಅದನ್ನ ಯಾವಾಗ ಮಾಡಲಿ ಅಮ್ಮಾ?"

"ಏಳ್ತೀನಂತ ಖಾತ್ರಿ ಇಲ್ಲಂದ್ರ ಮಲಗೂ ಮುಂಚಿನ ಇಶಾ ನಮಾಜು ಆದಮ್ಯಾಲ ಮುಗಿಸು. ಒಂದ ರಾತ್ರಿಗೆ ಎರಡ ಸಲ ವಿತ್ರ್ ಇಲ್ಲ. ಏಳಬೇಕಂತ ನಿಯತ್ತ ಮಾಡಿ ಮಲಗು. ಎಚ್ಚರ ಆಗಲಿಲ್ಲಂದ್ರೂ ಅದರ ಪುಣ್ಯ, ಸವಾಬು, ಸಿಗತೈತಿ, ನಿದ್ದಿನೂ ಅಲ್ಲಾಹನ ಕೊಡುಗೆನ."

ಅಂದಿನಿಂದ ಇವರು ಇಶಾ ಮುಗಿಸಿದೊಡನೆ ಮೊಬೈಲ್ ಬದಿಗಿಟ್ಟು ಮಲಗತೊಡಗಿದರು. ಮಧ್ಯಾಹ್ನ ಊಟದ ನಂತರ ಆಟೋದಲ್ಲೇ ಒಂದು ಕಿರುನಿದ್ದೆ. ಒಂದೇ ಅಲಾರಾಂ. ಕತ್ತಲಲ್ಲೇ ಕೈಕಾಲು ಮುಖ ತೊಳೆದು ವುಜೂ, ಎರಡು ರಕಾತ್, ಅಬ್ಬಾನಿಗೆ ದುವಾ, ಅಷ್ಟರಲ್ಲಿ ಅಜಾನ್. ಫಜರ್ ಮತ್ತೆ ತಪ್ಪಲಿಲ್ಲ. ನನ್ನ ನಿದ್ದೆಯೂ ಕೆಡಲಿಲ್ಲ, ಅಲ್ಹಮ್ದುಲಿಲ್ಲಾಹ್.

ಕಳೆದ ವಾರ ಹೆರಿಗೆ ನೋವು ಬಂದ ಹೆಂಗಸೊಬ್ಬರನ್ನು ಆಸ್ಪತ್ರೆಗೆ ತರಲು ಆಟೋದಲ್ಲಿ ತಿಕೋಟಾಕ್ಕೆ ಹೋಗಿ, ಬಹಳ ತಡವಾಗಿ ಮನೆಗೆ ಬಂದರು. ಬಟ್ಟೆಯನ್ನೂ ಬದಲಿಸದೆ ಬಿದ್ದುಕೊಂಡರು. ಅಲಾರಾಂ ಕೂಗಿದಾಗ ಅಲುಗಾಡಲಿಲ್ಲ. ನಾನೇ ಆರಿಸಿ, ಹೊದಿಕೆ ಸರಿಮಾಡಿದೆ. ಫಜರ್ ಅಜಾನಿಗೆ ತೋಳು ಹಿಡಿದು ಎಬ್ಬಿಸಿದೆ.

ಗಡಿಯಾರ ನೋಡಿದವರೇ ಗಾಬರಿಯಾದರು. "ಯಾಕ ಎಬ್ಬಿಸಲಿಲ್ಲಬೇ? ಇವತ್ತ ಅಬ್ಬಾಗ ದುವಾ ಇಲ್ದಂಗಾತು!"

"ಆಗೇತ್ರಿ" ಎಂದೆ. "ನಾ ಎದ್ದ ಎರಡ ರಕಾತ್ ಮಾಡಿ, ನಿಮ್ಮ ಅಬ್ಬಾನ ಹೆಸರ ಹೇಳಿ ಕೇಳೀನಿ. ಏಳ್ರಿ, ಮಸೀದ್ಯಾಗ ಜಮಾತ್ ನಮಾಜಿಗೆ ಹೊತ್ತಾತು."

ಅವರು ನನ್ನನ್ನೇ ನೋಡಿದರು. ಎದ್ದು ವುಜೂ ಮಾಡಿ ಮಸೀದಿಗೆ ಹೋದರು. ಆ ರಾತ್ರಿ ಮಲಗಲು ಹೋದಾಗ ಮಂಚದ ಪಕ್ಕ ಅವರು ನಮಾಜಿನ ಚಾಪೆ, ಜಾನಮಾಜು, ಮಡಚಿಟ್ಟಿದ್ದರು. ಒಂದಲ್ಲ, ಎರಡು.