ರಾಚವ್ವ ಬರೆದ ಹಲಗೆಯ ಕಾರ್ಡು

ಅಂಗಡಿಯ ಹಲಗೆಯ ಅಂಚಿಗೆ ಸಿಕ್ಕಿಸಿದ ಅಂಗೈಯಗಲದ ಕಾರ್ಡು, ರೂಢಿಯ ಪೊಟ್ಟಣದತ್ತ ಹೊರಟ ಕೈಯನ್ನು ಹೊಸದರತ್ತ ತಿರುಗಿಸಬಲ್ಲುದೇ? ಬೈಲಹೊಂಗಲದ ದಿನಸಿ ಮಾರ್ಟಿನಲ್ಲಿ ಸರಕು ಜೋಡಿಸುತ್ತಿದ್ದ ರಾಚವ್ವ ಇದನ್ನು ಕೇಳಿದ್ದು ಅಲ್ಲಿಯೇ ಲೆಕ್ಕ ಬರೆಯುತ್ತಿದ್ದ ನನ್ನನ್ನು.

ಮುನವಳ್ಳಿಯ ದುರ್ಗಾ ತನ್ನ ಸಂಘದ ಹೆಂಗಸರೊಡನೆ ತಯಾರಿಸಿದ ನವಣೆ ರವೆಯನ್ನು ಮಾಲೀಕ ನಿಜಗುಣಪ್ಪ ನಾಲ್ಕು ವಾರದ ಮಟ್ಟಿಗೆ ಇಟ್ಟುಕೊಂಡಿದ್ದರು. ಇಪ್ಪತ್ತೈದು ಪೊಟ್ಟಣ ಹೋಗದಿದ್ದರೆ ಆ ಜಾಗ ಬೇರೆಯವರಿಗೆ. ಬಾಗಿಲ ಬಳಿಯ ಆರೋಗ್ಯ ಮೂಲೆಯಲ್ಲಿ, ‘ಹೊಸದು!’ ಎಂಬ ದೊಡ್ಡ ಫಲಕದ ಕೆಳಗೆ, ಮೊದಲ ವಾರ ಹೋದದ್ದು ನಾಲ್ಕೇ.

“ಸಕ್ಕರಿ ಬ್ಯಾನಿ ಹೋಗತೈತಿ ಅಂತ ಬರಿ ರಾಚಕ್ಕಾ, ಮಂದಿ ಮುಗಿಬೀಳ್ತಾರ” ಎಂದರು ನಿಜಗುಣಪ್ಪ.

“ನಂದ ಸಕ್ಕರಿ ಹೋಗಿಲ್ರಿ ಸಾವಕಾರ್ರ. ಮೊದಲ ನನ್ನ ನೋಡೇ ನಗ್ತಾರ.”

ಆಕೆ ಪೊಟ್ಟಣಗಳನ್ನು ಗೋಧಿ ರವೆಯ ಪಕ್ಕಕ್ಕೆ, ಕಣ್ಣಿನ ಎತ್ತರದ ಹಲಗೆಗೆ ತಂದಳು. ಉಪ್ಪಿಟ್ಟು ಮಾಡುವವರು ನಿಲ್ಲುವುದೇ ಅಲ್ಲಿ. ಬೆಲೆಪಟ್ಟಿ ಮುಚ್ಚದಂತೆ, ಸಾಲಿನುದ್ದಕ್ಕೂ ನಡೆದು ಬರುವವರಿಗೆ ಕಾಣುವಂತೆ ಕಾರ್ಡನ್ನು ಅಡ್ಡಲಾಗಿ ಹೊರಚಾಚಿ ಸಿಕ್ಕಿಸಿದಳು. ಅದರಲ್ಲಿದ್ದದ್ದು ಇಷ್ಟೇ: ‘ನವಣಿ ಉಪ್ಪಿಟ್ಟು. ಮೊದಲ ಹುರೀರಿ. ಒಂದು ಬಟ್ಟಲಕ್ಕ ಎರಡೂವರಿ ಬಟ್ಟಲ ನೀರು.’

ಎರಡನೆಯ ವಾರ ಒಂಬತ್ತು ಹೋದವು. ದುರ್ಗಾ ಹಿಗ್ಗಿದಳು; ನನಗೆ ಸಮಾಧಾನವಾಗಲಿಲ್ಲ. ಮಾರಿದ್ದು ಜಾಗವೋ, ಕಾರ್ಡೋ? ತಿಳಿಯಬೇಕಾದರೆ ಜಾಗ ಬದಲಿಸದೆ ಒಂದು ವಾರ ಕಾರ್ಡು ತೆಗೆಯಬೇಕು ಎಂದೆ.

“ಉಣ್ಣಾಕ ಕುಂತವ್ರ ತಾಟ ಕಸಗೊಂಡು ಹಸಿವಿ ಅಳೀತೀರೇನ್ರಿ ಸರ್? ಆ ಹುಡುಗಿ ಹೊಟ್ಟಿ ಮ್ಯಾಲ ಹೊಡದಂಗಾತು” ಎಂದಳು ರಾಚವ್ವ. ಆದರೂ ಕಾರ್ಡನ್ನು ತಾನೇ ಕಿತ್ತಳು. “ಆತು, ನೋಡೇಬಿಡೋಣು. ನಂಗೂ ಖರೇ ಏನಂತ ತಿಳೀಬೇಕಲಾ.”

ಆ ವಾರ ಹೋದದ್ದು ಮೂರು. ನಾಲ್ಕನೆಯ ವಾರ ಕಾರ್ಡು ಮರಳಿತು, ಹನ್ನೆರಡು ಹೋದವು. ಒಟ್ಟು ಇಪ್ಪತ್ತೆಂಟು. ಒಂದು ಅಂಗಡಿಯ ಕೆಲವೇ ವಾರಗಳ ಎಣಿಕೆಯನ್ನು ಪುರಾವೆ ಎನ್ನಲಾರೆ. ಕೊನೆಯ ವಾರ ಸಂಬಳದ ವಾರವೂ ಆಗಿತ್ತು. ಆದರೂ ತನ್ನ ನಂಬಿಕೆಯನ್ನು ತಾನೇ ಪರೀಕ್ಷೆಗೊಡ್ಡುವ ಧೈರ್ಯವನ್ನು ನಾನು ಓದಿಕೊಂಡವರಲ್ಲಿಯೂ ಕಂಡದ್ದು ಅಪರೂಪ. ನಿಜಗುಣಪ್ಪ ಮಾತಿಗೆ ತಪ್ಪಲಿಲ್ಲ. ದುರ್ಗಾಳ ರವೆ ಇಂದಿಗೂ ಅದೇ ಹಲಗೆಯಲ್ಲಿದೆ.

ಹೋದ ವರ್ಷ ರಾಚವ್ವ ತೀರಿಕೊಂಡಳು. ಮಾತನಾಡಿಸಲು ಹೋದಾಗ, ಆ ಕಾರ್ಡಿನಲ್ಲಿದ್ದ ನೀರಿನ ಅಳತೆ ಎಂದೂ ಕೈಕೊಟ್ಟಿಲ್ಲವೆಂದು ಮಗಳು ಸಪ್ನಾಳಿಗೆ ಹೇಳಿದೆ.

“ಹೆಂಗ ಕೊಡತೈತ್ರಿ? ಪೊಟ್ಟಣದ ಮ್ಯಾಲ ನೀರಿನ ಲೆಕ್ಕ ಇರಲಿಲ್ಲ. ಅವ್ವ ಸಲಕ್ಕೊಂದು ಪೊಟ್ಟಣ ತಂದು, ಮನ್ಯಾಗ ಮೂರು ಸಲ ಕೆಡಿಸಿ ನಮಗ ಗಂಜಿ ಉಣಿಸಿದ್ಲು. ನಾಲ್ಕನೇದ್ದು ಉದುರುದುರು ಆತು.”

ಅಂದರೆ ಮೊದಲ ವಾರ ಹೋದ ನಾಲ್ಕೂ ಪೊಟ್ಟಣಗಳನ್ನು ಕೊಂಡವಳು ರಾಚವ್ವ. ಅವನ್ನು ಬಿಟ್ಟರೆ ಮಾರಾಟವಾದವು ಇಪ್ಪತ್ತನಾಲ್ಕು; ನಿಜಗುಣಪ್ಪನವರ ಇಪ್ಪತ್ತೈದಕ್ಕೆ ಒಂದು ಕಡಿಮೆ.