ಯಜಮಾನರ ಮೇಲ್ ಓದಿದವರು ಯಾರು?

ನಾನು ಕೆಲಸ ಮಾಡುವುದು ಪೀಣ್ಯದ ಒಂದು ಪುಟ್ಟ ಕಾರ್ಖಾನೆಯಲ್ಲಿ. ಲೋಹ ಕಡೆಯುವ ಐದು ಸಿಎನ್‌ಸಿ ಯಂತ್ರ, ಹನ್ನೆರಡು ಜನ. ಪಂಪುಗಳಿಗೆ ಬೇಕಾದ ಶಾಫ್ಟು, ಬುಷ್ಷು ಮಾಡಿಕೊಡುತ್ತೇವೆ. ತಯಾರಾದ ಪೀಸುಗಳನ್ನು ಅಳೆದು, ಇದು ಸರಿ, ಇದು ಸ್ಕ್ರ್ಯಾಪು ಎಂದು ಹೇಳುವುದು ನನ್ನ ಪಾಲಿನ ಕೆಲಸ. ಹಾಗಾಗಿ ನನ್ನನ್ನು ಕಂಡರೆ ಯಾರೂ ಮೊದಲಿಗೆ ನಗುವುದಿಲ್ಲ.

ನಮ್ಮ ದೊಡ್ಡ ಗಿರಾಕಿ ಇರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಅಲ್ಲಿನ ಎಂಜಿನಿಯರ್ ಒಬ್ಬರಿಗೆ ಸಂಜೆಯಾದರೆ ಪೀಸಿನ ಅಳತೆಯ ಡ್ರಾಯಿಂಗ್ ಬದಲಾಯಿಸುವ ಹುಮ್ಮಸ್ಸು ಬರುತ್ತಿತ್ತು. ನಾವು ಬಾಗಿಲು ಹಾಕಿ ಹೋದಮೇಲೆ ಅವರ ಮೇಲ್ ಬರುತ್ತಿತ್ತು. ಬೆಳಿಗ್ಗೆ ಯಜಮಾನರು ಓದಿ ಮುಗಿಸಿದಮೇಲೆ ನಾನು ಒಂದೊಂದನ್ನೇ ತೆರೆದು, ಫೈಲ್ ಇಳಿಸಿಕೊಂಡು, ಆ ದಿನದ ಹೆಸರಿನ ಫೋಲ್ಡರ್ ಮಾಡಿ ಹಾಕಬೇಕು. ಅವರು ಪ್ರತಿ ಫೈಲಿಗೂ ‘ಫೈನಲ್’ ಎಂದೇ ಹೆಸರಿಡುತ್ತಿದ್ದರು. ಒಂದು ಸಲ ಸೋಮವಾರದ ಫೈನಲ್ ಹಿಡಿದು ಬುಧವಾರದ ಶಾಫ್ಟ್ ಅಳೆದು, ನಲವತ್ತು ಒಳ್ಳೆಯ ಪೀಸುಗಳಿಗೆ ಸ್ಕ್ರ್ಯಾಪೆಂದು ಕೆಂಪು ಬಣ್ಣ ಬಳಿದುಬಿಟ್ಟೆ. ಫೋರ್‌ಮನ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಆ ಅವಮಾನಕ್ಕೇ ನಾನು ಪೈಥಾನ್ ಪ್ರೋಗ್ರಾಮಿಂಗ್ ಕಲಿತದ್ದು. ಲಗ್ಗೆರೆಯ ಮನೆಯಲ್ಲಿ ಭಾನುವಾರಗಳಂದು ವಿಡಿಯೋ ನೋಡಿಕೊಂಡು, ಕುಕ್ಕರ್ ಎಷ್ಟು ಸಲ ಕೂಗಿತೆಂಬುದನ್ನು ಮರೆತು, ಒಂದು ಸ್ಕ್ರಿಪ್ಟ್ ಬರೆದೆ. ಅದು ಐಮ್ಯಾಪ್ ಎಂಬ ದಾರಿಯಲ್ಲಿ ಆಫೀಸಿನ ಮೇಲ್ ಸರ್ವರಿಗೆ ಹೋಗಿ ಲಾಗಿನ್ ಆಗುತ್ತಿತ್ತು. ಇನ್‌ಬಾಕ್ಸಿನಲ್ಲಿ ಆ ಎಂಜಿನಿಯರ್ ವಿಳಾಸದಿಂದ ಬಂದ ಮೇಲ್‌ಗಳನ್ನಷ್ಟೇ ಹುಡುಕಿ ತರಿಸಿಕೊಂಡು, ಲಗತ್ತುಗಳನ್ನು ಬಿಡಿಸಿ, ಮೇಲ್‌ನಲ್ಲೇ ಇರುವ ತಾರೀಖು ನೋಡಿ, ವರ್ಷ-ತಿಂಗಳು-ದಿನ ಎಂಬ ಹೆಸರಿನ ಫೋಲ್ಡರ್ ಮಾಡಿ ಅದರಲ್ಲಿಡುತ್ತಿತ್ತು. ಒಂದೇ ದಿನ ಎರಡು ‘ಫೈನಲ್’ ಬಂದರೆ ಎರಡನೆಯದಕ್ಕೆ ನಂಬರ್ ಸೇರಿಸುತ್ತಿತ್ತು. ಒಮ್ಮೆ ಇಳಿಸಿದ ಮೇಲ್‌ಗಳ ಗುರುತನ್ನು ಪಟ್ಟಿಯಲ್ಲಿ ಬರೆದಿಟ್ಟುಕೊಂಡು ಮತ್ತೆ ಅವುಗಳ ತಂಟೆಗೆ ಹೋಗುತ್ತಿರಲಿಲ್ಲ. ಮೊದಲ ದಿನ ಮಾತ್ರ ಮೇಲ್‌ಗಳ ಕೆಳಗಿನ ಸಹಿಯಲ್ಲಿದ್ದ ಕಂಪನಿ ಲೋಗೋವನ್ನೂ ಲಗತ್ತೆಂದು ತಿಳಿದು ಹದಿನೇಳು ಲೋಗೋ ಇಳಿಸಿತ್ತು. ಅದನ್ನೂ ತಿದ್ದಿದೆ.

ಯಜಮಾನರು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು, ಆಮೇಲೆ ಈ ಕಾರ್ಖಾನೆ ತೆಗೆದವರು. ಮೇಲ್ ಅವರದೇ, ಪಾಸ್‌ವರ್ಡ್ ಕೊಟ್ಟವರೂ ಅವರೇ.

“ಬೆಳಿಗ್ಗೆ ಎಂಟೂವರೆಗೆ ತಾನೇ ಓಡುತ್ತೆ ಸಾರ್, ನಾವು ಏನೂ ಮಾಡೋ ಹಾಗಿಲ್ಲ” ಎಂದೆ.

“ಟೀ ಕಾಫಿ ಏನೂ ಕೇಳಲ್ಲ ತಾನೇ?” ಎಂದು ನಕ್ಕು ಒಪ್ಪಿದರು.

ಹತ್ತು ದಿನ ಸ್ವರ್ಗ. ನಾನು ಬರುವಷ್ಟರಲ್ಲಿ ಫೋಲ್ಡರುಗಳು ತಾರೀಖಿನ ಸಾಲಿನಲ್ಲಿ ನಿಂತಿರುತ್ತಿದ್ದವು.

ಆ ಗುರುವಾರ ಹನ್ನೊಂದು ಗಂಟೆಗೆ ಗೇಟಿನ ಮುಂದೆ ಒಂದು ಕಾರು ನಿಂತಿತು. ಇಳಿದವರು ಡ್ರಾಯಿಂಗ್ ಕಳಿಸುವ ಎಂಜಿನಿಯರ್ರೇ. ಜೊತೆಗೊಬ್ಬ ಹೆಂಗಸು, ಕೈಯಲ್ಲಿ ತಪಾಸಣೆಯ ಹಾಳೆಗಳು. ಅಷ್ಟು ಹೊತ್ತಿಗೆ ಫೋರ್‌ಮನ್ ಬನಿಯನ್ನಿನಲ್ಲಿ ನಿಂತು ಯಂತ್ರ ತಂಪಿಡುವ ಕೂಲಂಟ್ ಟ್ಯಾಂಕ್ ತೊಳೆಯುತ್ತಿದ್ದರು. ನೆಲವೆಲ್ಲ ಹಾಲಿನ ಬಣ್ಣದ ನೀರು. ಯಜಮಾನರು ಚಪ್ಪಲಿಯಲ್ಲಿದ್ದರು.

“ಆಡಿಟ್‌ಗೆ ಬರ್ತೀವಿ ಅಂತ ಸೋಮವಾರಾನೇ ಮೇಲ್ ಹಾಕಿದ್ನಲ್ಲ ಸಾರ್” ಎಂದರು ಎಂಜಿನಿಯರ್.

“ಹೌದೌದು, ಬನ್ನಿ ಬನ್ನಿ” ಎಂದ ಯಜಮಾನರು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ಫೋರ್‌ಮನ್ ಅಂಗಿ ಹಾಕಿಕೊಳ್ಳುತ್ತ ನನ್ನ ಕಿವಿಯಲ್ಲಿ, “ಇಂಗೆ ಯೋಳದೆ ಕೇಳದೆ ಬಂದ್ಬುಟ್ರೆ ಎಂಗಕ್ಕಾ?” ಎಂದರು. ಅವರು ಚಿಕ್ಕಬಾಣಾವರದವರು, ಗಾಬರಿಯಾದಾಗ ಅವರ ಮಾತಿನಲ್ಲಿ ಊರು ಎದ್ದು ಬರುತ್ತದೆ.

ಹೇಗೋ ಸುಧಾರಿಸಿದೆವು. ಆ ಹೆಂಗಸು, “ನಿಮ್ಮತ್ರ ಡ್ರಾಯಿಂಗ್ ಬದಲಾದ ದಾಖಲೆ ಇದ್ಯಾ?” ಎಂದು ಕೇಳಿದಾಗ ನಾನು ತಾರೀಖಿನ ಫೋಲ್ಡರುಗಳನ್ನು ತೆರೆದು ತೋರಿಸಿದೆ. ಅವರು ಒಂದೊಂದನ್ನೂ ನೋಡಿ, ತಮ್ಮ ಸಹೋದ್ಯೋಗಿಯ ಕಡೆ ತಿರುಗಿ, “ಒಂದೇ ವಾರದಲ್ಲಿ ಆರು ಫೈನಲ್ಲಾ?” ಎಂದರು. ಎಂಜಿನಿಯರ್ ಕೆಮ್ಮಿದರು. ಒದ್ದೆ ನೆಲದ ಬಗ್ಗೆ ಆಮೇಲೆ ಯಾರೂ ಹೆಚ್ಚು ಮಾತಾಡಲಿಲ್ಲ.

ಅವರು ಹೋದದ್ದೇ ತಡ, ಯಜಮಾನರು ನನ್ನನ್ನು ಒಳಗೆ ಕರೆದರು.

“ನೋಡಮ್ಮ, ಸಂಜೆ ಬಂದಿದ್ನ ನಾನು ಬೆಳಿಗ್ಗೆ ಓದೋದು. ಓದದೇ ಇರೋದು ದಪ್ಪ ಅಕ್ಷರದಲ್ಲಿ ಇರುತ್ತೆ, ಅದನ್ನ ಮಾತ್ರ ತೆಗೀತೀನಿ. ಈ ಆಡಿಟ್ ಮೇಲ್ ತೆಳ್ಳಗಿದೆ! ನಾನು ತೆಗೆದೇ ಇಲ್ಲ. ಯಾರೋ ಓದ್ಬಿಟ್ಟಿದ್ದಾರೆ.”

ನಾನೂ ಬಗ್ಗಿ ನೋಡಿದೆ. ಹತ್ತು ದಿನದಿಂದ ಆ ಎಂಜಿನಿಯರ್ ಕಳಿಸಿದ ಎಲ್ಲ ಮೇಲ್‌ಗಳೂ ತೆಳ್ಳಗಿದ್ದವು. ಬೇರೆಯವರ ಮೇಲ್‌ಗಳು ಹಾಗೇ ದಪ್ಪಗೆ ಕುಳಿತಿದ್ದವು.

“ಬೇರೆ ಯಾರದ್ದೂ ಮುಟ್ಟಿಲ್ಲ ಸಾರ್. ಇವರದ್ದು ಮಾತ್ರ” ಎಂದೆ, ಪತ್ತೇದಾರಳ ಗತ್ತಿನಲ್ಲಿ.

“ಅದೇ ಮತ್ತೆ! ಕಳ್ಳನಿಗೆ ಬೇಕಾಗಿರೋದು ನಮ್ಮ ಡ್ರಾಯಿಂಗು.”

ಫೋರ್‌ಮನ್ ಬಂದು, ಹಿಂದಿನ ಬೀದಿಯ ಕಾರ್ಖಾನೆಯವರೂ ಇತ್ತೀಚೆಗೆ ಶಾಫ್ಟ್ ಮಾಡುತ್ತಿದ್ದಾರೆಂಬ ಸುದ್ದಿ ಸೇರಿಸಿದರು. ಮೂವರೂ ಸೇರಿ ಸಂಜೆಯವರೆಗೆ ಕಳ್ಳನನ್ನು ಬೆಳೆಸಿದೆವು. ಅವನಿಗೆ ನಾನೇ ವೇಳೆಯನ್ನೂ ಕೊಟ್ಟೆ: “ನೀವು ಬರೋಕೆ ಮುಂಚೆ, ಬೆಳಿಗ್ಗೆ ಹೊತ್ತೇ ನುಗ್ತಾನೆ ಸಾರ್.” ಯಜಮಾನರು ಬಾಗಿಲು ಹಾಕಿಕೊಂಡು ಪಾಸ್‌ವರ್ಡ್ ಬದಲಾಯಿಸಿ ಮನೆಗೆ ಹೋದರು.

ಶುಕ್ರವಾರ ಬೆಳಿಗ್ಗೆ ಹೊಸ ಫೋಲ್ಡರ್ ಇರಲಿಲ್ಲ. ಸ್ಕ್ರಿಪ್ಟನ್ನು ಕೈಯಾರೆ ಓಡಿಸಿದೆ. ಲಾಗಿನ್ ಆಗಲಿಲ್ಲ, ಪಾಸ್‌ವರ್ಡ್ ತಪ್ಪು ಎಂದಿತು. ಛೆ, ಯಜಮಾನರನ್ನು ಹೊಸದನ್ನು ಕೇಳಬೇಕು ಎಂದುಕೊಂಡು ಎದ್ದೆ. ಅರ್ಧ ದಾರಿಯಲ್ಲಿ ಕಾಲು ನಿಂತಿತು. ಕಳ್ಳನೂ ಈ ಹೊತ್ತಿಗೆ ಹೀಗೇ ಬಾಗಿಲು ತಟ್ಟಿ ವಾಪಸ್ ಹೋಗಿರಬೇಕಲ್ಲ? ಬೆಳಿಗ್ಗೆ ಬರುವವನು, ಒಬ್ಬರ ಮೇಲ್ ಮಾತ್ರ ಓದುವವನು, ಹತ್ತು ದಿನದಿಂದ...

ಕುರ್ಚಿಗೆ ವಾಪಸ್ ಬಂದು ಸ್ಕ್ರಿಪ್ಟನ್ನು ಮೊದಲಿನಿಂದ ಓದಿದೆ. ಮೇಲ್ ತರಿಸುವ ಸಾಲಿನಲ್ಲಿ RFC822 ಎಂದು ಬರೆದಿದ್ದೆ. ಹಾಗೆ ಕೇಳಿದರೆ ಸರ್ವರ್ ಮೇಲ್ ಕೊಡುವುದರ ಜೊತೆಗೆ ‘ಇದನ್ನು ಓದಿಯಾಯಿತು’ ಎಂದು ಗುರುತೂ ಹಾಕಿಬಿಡುತ್ತದೆ. ಗುರುತು ಬೀಳಬಾರದೆಂದರೆ BODY.PEEK[] ಎಂದು ಕೇಳಬೇಕು. ಪೀಕ್ ಎಂದರೆ ಇಣುಕುವುದು. ನನ್ನ ಸ್ಕ್ರಿಪ್ಟ್ ಇಣುಕುವ ಬದಲು ಎಲ್ಲ ಬಿಚ್ಚಿ ಓದಿ, ಲಗತ್ತನ್ನಷ್ಟೇ ತಂದು, ಗುರುವಾರ ಬರುತ್ತೇವೆಂಬ ಮಾತನ್ನು ಅಲ್ಲೇ ಬಿಟ್ಟು ಬಂದಿತ್ತು. ಸೋಮವಾರದ ಫೋಲ್ಡರಿನಲ್ಲಿ ಆಡಿಟ್ಟಿನ ಪ್ರಶ್ನಾವಳಿ ತಣ್ಣಗೆ ಕೂತಿತ್ತು. ಡ್ರಾಯಿಂಗ್ ಅಲ್ಲವೆಂದು ನಾನು ತೆರೆದಿರಲಿಲ್ಲ.

ಯಜಮಾನರು ಬಂದ ಕೂಡಲೇ ಹೋಗಿ ನಿಂತೆ. “ಸಾರ್, ಕಳ್ಳ ಸಿಕ್ಕಿದ.”

“ಯಾರಮ್ಮ?”

“ನಾನೇ ಸಾರ್.”

ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಗುಳಕ್ಕೆ ತಯಾರಾಗಿ ನೆಲ ನೋಡುತ್ತ ನಿಂತೆ. ಅವರ ಭುಜ ಕುಲುಕಲು ಶುರುವಾಯಿತು. ನಗು ತಡೆಯಲಾಗದೆ ಕಣ್ಣು ಒರೆಸಿಕೊಂಡರು.

“ನಿನ್ನೆ ಸಂಜೆ ಹಿಂದಿನ ಬೀದಿಯವನು ಸಿಕ್ಕಿ ನಮಸ್ಕಾರ ಅಂದ. ಮುಖ ತಿರುಗಿಸ್ಕೊಂಡು ಬಂದ್ಬಿಟ್ಟೆ ಕಣಮ್ಮ. ಈಗ ನಾನೇ ಹೋಗಿ ಕಾಫಿ ಕುಡಿಸ್ಬೇಕು.”

ಅಂದೇ ಆ ಸಾಲನ್ನು ತಿದ್ದಿ, ಇನ್‌ಬಾಕ್ಸನ್ನು ಬರೀ ಓದಲಿಕ್ಕಷ್ಟೇ ತೆರೆಯುವಂತೆಯೂ ಮಾಡಿದೆ. ಮೇಲ್‌ನಲ್ಲಿ ಬರೆದ ಮಾತನ್ನೂ ಒಂದು ಫೈಲ್ ಮಾಡಿ ಅದೇ ಫೋಲ್ಡರಿಗೆ ಹಾಕಿಸಿದೆ. ಹೊಸ ಪಾಸ್‌ವರ್ಡನ್ನು ಯಜಮಾನರು ಬಾಯಿಬಿಟ್ಟು ಹೇಳಲಿಲ್ಲ. “ನೀನು ಆ ಕಡೆ ತಿರುಗು” ಎಂದು ತಾವೇ ನನ್ನ ಕುರ್ಚಿಯಲ್ಲಿ ಕುಳಿತು ಒಂದೇ ಬೆರಳಲ್ಲಿ ಒತ್ತಿದರು. ನಾನು ಗೋಡೆ ನೋಡುತ್ತ ನಿಂತೆ. ಅವರು ಒತ್ತಿದ ಪಾಸ್‌ವರ್ಡ್ ಇರುವುದು ನನ್ನ ಸ್ಕ್ರಿಪ್ಟ್ ಫೈಲಿನಲ್ಲೇ, ಅದನ್ನು ನಾನು ಯಾವಾಗ ಬೇಕಾದರೂ ತೆರೆದು ನೋಡಬಹುದೆಂದು ಹೇಳಲು ಬಾಯಿ ಬರಲಿಲ್ಲ.